ಶಾಲೆಯ ಇಂಟರ್ನೆಟ್‌ನಲ್ಲಿ ಕೆಲವು ಸೈಟ್‌ಗಳು ಯಾಕೆ ತೆರೆಯುವುದಿಲ್ಲ?

ಎಲ್ಲ ಪೋಷಕರಿಗೆ ನಮಸ್ಕಾರ.

ಶನಿವಾರದ ಸಭೆಯಲ್ಲಿ ಹಲವರು ಒಂದೇ ಪ್ರಶ್ನೆ ಕೇಳಿದಿರಿ: ಲ್ಯಾಬಿನಲ್ಲಿ ಮಕ್ಕಳು ಏನು ಬೇಕಾದರೂ ನೋಡಬಹುದಾ? ಇಲ್ಲ. ಆದರೆ ನಮ್ಮ ತಡೆ ಎಲ್ಲಿಯವರೆಗೆ ಕೆಲಸ ಮಾಡುತ್ತದೆ ಅನ್ನುವುದೂ ನಿಮಗೆ ಗೊತ್ತಿರಬೇಕು.

ಬ್ರೌಸರಿನಲ್ಲಿ ಸೈಟಿನ ಹೆಸರು ಟೈಪ್ ಮಾಡಿದ ಕೂಡಲೇ ಕಂಪ್ಯೂಟರ್ ಆ ಹೆಸರಿನ ಐಪಿ ಸಂಖ್ಯೆ ಯಾವುದೆಂದು ಡಿಎನ್ಎಸ್ ಸರ್ವರನ್ನು ಕೇಳುತ್ತದೆ. ಫೋನಿನಲ್ಲಿ ಹೆಸರು ಒತ್ತಿದರೆ ನಂಬರಿಗೆ ಕರೆ ಹೋಗುತ್ತದಲ್ವಾ, ಹಾಗೆ. ನಮ್ಮ ರೂಟರ್ ಈ ಪ್ರಶ್ನೆಯನ್ನು `1.1.1.3` ಎಂಬ ಸರ್ವರಿಗೆ ಕಳಿಸುತ್ತದೆ. ಇದು ಕ್ಲೌಡ್‌ಫ್ಲೇರ್ ಕಂಪನಿ 2020ರಿಂದ ಉಚಿತವಾಗಿ ಕೊಡುತ್ತಿರುವ ಸೇವೆ. ಅಶ್ಲೀಲ ಸೈಟ್, ವೈರಸ್ ಹರಡುವ ಸೈಟ್‌ಗಳ ಹೆಸರು ಕೇಳಿದರೆ ಅದು ನಿಜವಾದ ಸಂಖ್ಯೆ ಕೊಡುವುದಿಲ್ಲ. ಆಟದ ಸೈಟ್‌ಗಳ ಪಟ್ಟಿಯನ್ನು ನಾನೇ ರೂಟರಿನಲ್ಲಿ ಸೇರಿಸಿದ್ದೇನೆ. ಆಗ ಪರದೆ ಮೇಲೆ "This site can't be reached" ಎಂದು ಬರುತ್ತದೆ. "ನೆಟ್ ಹೋಗಿದೆ ಮಿಸ್" ಅಂತ ಮಕ್ಕಳು ಹೇಳುವುದು ಹೆಚ್ಚಾಗಿ ಇದನ್ನೇ.

ಮುಖ್ಯವಾದ ವಿಷಯ ಇದು. ಈ ತಡೆಗೆ ಕಾಣುವುದು ಸೈಟಿನ ಹೆಸರು ಮಾತ್ರ. ನಿಮ್ಮ ಮಗಳು ವಿಕಿಪೀಡಿಯಾದಲ್ಲಿ ಹಂಪಿಯ ಪುಟ ಓದಿದರೆ ಅದಕ್ಕೆ ಗೊತ್ತಾಗುವುದು `kn.wikipedia.org` ಅಷ್ಟೇ. ಯಾವ ಪುಟ, ಅದರಲ್ಲಿ ಏನಿದೆ, ಗೊತ್ತಾಗುವುದಿಲ್ಲ. ಮಕ್ಕಳು ಏನು ಓದುತ್ತಾರೋ ಅದನ್ನೆಲ್ಲ ಟೀಚರ್ ನೋಡುತ್ತಾರಾ ಎಂದು ಕೇಳಿದವರಿಗೆ ಇದೇ ಉತ್ತರ. ಇದರಿಂದಲೇ ಒಂದು ತೊಂದರೆಯೂ ಇದೆ. ಒಂದೇ ಸೈಟಿನಲ್ಲಿ ಒಳ್ಳೆಯ ಪುಟ ಬಿಟ್ಟು ಕೆಟ್ಟ ಪುಟ ಮಾತ್ರ ತಡೆಯಲು ಆಗುವುದಿಲ್ಲ. ಬಿಟ್ಟರೆ ಪೂರ್ತಿ ಬಿಡಬೇಕು, ಮುಚ್ಚಿದರೆ ಪೂರ್ತಿ ಮುಚ್ಚಬೇಕು.

ಯೂಟ್ಯೂಬ್ ಮುಚ್ಚಿಬಿಡಿ ಎಂದು ಕೆಲವರು ಹೇಳಿದಿರಿ. ವಿಜ್ಞಾನದ ಪಾಠಕ್ಕೆ ಅದು ಬೇಕೇ ಬೇಕು, ಹಾಗಾಗಿ ಮುಚ್ಚುವುದಿಲ್ಲ. ಬದಲಿಗೆ ಲ್ಯಾಬಿನಿಂದ ಯೂಟ್ಯೂಬಿಗೆ ಹೋದವರೆಲ್ಲ `restrict.youtube.com` ಕಡೆಗೆ ತಿರುಗುವಂತೆ ಮಾಡಿದ್ದೇನೆ. ದೊಡ್ಡವರಿಗೆ ಮಾತ್ರ ಎನ್ನುವಂಥ ವಿಡಿಯೊಗಳನ್ನು ಅಲ್ಲಿ ಯೂಟ್ಯೂಬೇ ಬಹುಮಟ್ಟಿಗೆ ಮರೆಮಾಡುತ್ತದೆ, ಕಾಮೆಂಟ್‌ಗಳೂ ಕಾಣುವುದಿಲ್ಲ. ಎಲ್ಲವನ್ನೂ ಹಿಡಿಯುತ್ತದೆ ಎಂದು ಹೇಳಲಾರೆ. ಅದಕ್ಕೇ ಲ್ಯಾಬ್ ಪಿರಿಯಡ್‌ನಲ್ಲಿ ನಾನು ಮಕ್ಕಳ ಹಿಂದೆಯೇ ಓಡಾಡುತ್ತಿರುತ್ತೇನೆ.

ಇದೆಲ್ಲ ಶಾಲೆಯ ವೈಫೈಗೆ ಮಾತ್ರ. ಫೋನಿನ ಮೊಬೈಲ್ ಡೇಟಾಕ್ಕೆ ಅನ್ವಯಿಸುವುದಿಲ್ಲ. ಮನೆಯಲ್ಲಿ ಮಗುವಿನ ಕೈಗೆ ಆಂಡ್ರಾಯ್ಡ್ ಫೋನ್ ಕೊಡುತ್ತಿದ್ದರೆ ಸೆಟ್ಟಿಂಗ್ಸ್‌ನಲ್ಲಿ `Private DNS` ಹುಡುಕಿ, ಅಲ್ಲಿ ಹೀಗೆ ಟೈಪ್ ಮಾಡಿ:

```
family.cloudflare-dns.com
```

ವೈಫೈ, ಡೇಟಾ ಎರಡಕ್ಕೂ ಇದು ಕೆಲಸ ಮಾಡುತ್ತದೆ. ಆದರೆ ಫೋನಿನ ಇಂಟರ್ನೆಟ್ ಅನ್ನು ಬೇರೊಂದು ಸರ್ವರ್ ಮೂಲಕ ಹಾಯಿಸುವ ವಿಪಿಎನ್ ಆ್ಯಪ್ ಹಾಕಿಕೊಂಡರೆ ಇದನ್ನು ದಾಟಬಹುದು. ಫೋನಿನಲ್ಲಿ ಅಂಥದ್ದು ಇದೆಯೇ ಎಂದು ಆಗಾಗ ನೋಡಿ.

ಪ್ರಾಜೆಕ್ಟ್‌ಗೆ ಬೇಕಾದ ಸೈಟ್ ಲ್ಯಾಬಿನಲ್ಲಿ ತೆರೆಯದಿದ್ದರೆ ಅದರ ಪೂರ್ತಿ ವಿಳಾಸವನ್ನು ಮಗುವಿನ ಡೈರಿಯಲ್ಲಿ ಬರೆದು ಕಳಿಸಿ. ನೋಡಿ, ಸರಿ ಇದ್ದರೆ ಮುಂದಿನ ಪಿರಿಯಡ್ ಒಳಗೆ ತೆರೆದುಕೊಡುತ್ತೇನೆ.

ಇಂತಿ,
ಕಂಪ್ಯೂಟರ್ ಶಿಕ್ಷಕಿ, ಪ್ರೌಢಶಾಲಾ ವಿಭಾಗ