ಅವ್ವನ ಲೆಕ್ಕದ 42 ರೊಟ್ಟಿ

ಎಳ್ಳ ಅಮಾವಾಸ್ಯೆಗೆ ವಾರ ಇದೆ ಅನ್ನುವಾಗಲೇ ನಮ್ಮನೆಯಲ್ಲಿ ಸಜ್ಜೆ ರೊಟ್ಟಿ ಬಡಿಯುವ ಸದ್ದು ಶುರುವಾಗುತ್ತದೆ. ತಲೆಗೆ 3 ರೊಟ್ಟಿ, ಇದು ಅವ್ವನ ಲೆಕ್ಕ. ಈ ಸಲವೂ 42 ಬಡಿದಳು. ಹೊಲಕ್ಕೆ ಹೊರಟವರು ನಾವು 10 ಮಂದಿ. ಅಜ್ಜ, ಅಮ್ಮ, ದೊಡ್ಡವ್ವ, ಕಾಕಾ, ಈ ನಾಲ್ವರ ಪಾಲೂ ಬುಟ್ಟಿಯಲ್ಲಿತ್ತು. ಜಾಸ್ತಿಯಾಯಿತು ಅಂತ ಯಾರೂ ಅನ್ನಲಿಲ್ಲ. ಅಮ್ಮ ಅಂದರೆ ನಮ್ಮ ಕಡೆ ಅಜ್ಜಿ.

ಕುಕನೂರು ಕಡೆಯ ಎರೆ ಹೊಲ. ಅಮಾವಾಸ್ಯೆ ಹೊತ್ತಿಗೆ ಹಿಂಗಾರಿ ಜೋಳ ಎದೆಮಟ್ಟ ನಿಂತಿರುತ್ತದೆ, ಪಕ್ಕದಲ್ಲಿ ಕಡಲೆ. ಬನ್ನಿ ಗಿಡದ ಬುಡದಲ್ಲಿ 5 ಕಲ್ಲಿಟ್ಟು, ಸುಣ್ಣ ಹಚ್ಚಿ, ಪಾಂಡವರು ಅಂತ ಪೂಜೆ ಮಾಡುತ್ತೇವೆ. ಆಮೇಲೆ ಚರಗ. ಆಮೇಲೆ ಊಟ.

ಊಟ ಅಂದರೆ ನನಗೆ ಮೊದಲು ನೆನಪಾಗುವುದು ದೊಡ್ಡವ್ವನ ಶೇಂಗಾ ಹೋಳಿಗೆ. ಬೆಲ್ಲವನ್ನು ಅವಳು ತೂಗುತ್ತಿರಲಿಲ್ಲ. ಹುರಿದ ಶೇಂಗಾ ಪುಡಿಯಲ್ಲಿ ಬೆಲ್ಲ ಕಲಸಿ, ಮುಷ್ಟಿಯಲ್ಲಿ ಒತ್ತಿ ನೋಡುವಳು. ಉಂಡೆ ಒಡೆಯದೆ ನಿಂತರೆ ಸಾಕು. ಬೇಯಿಸುವಾಗ ಹೋಳಿಗೆಯ ಅಂಚು ತುಸು ಕಂದಾಗಲೇಬೇಕು. ಅಕ್ಕ ಈಗ ಹಾಗೇ ಮಾಡುತ್ತಾಳೆ. ಚೆನ್ನಾಗಿಯೇ ಇರುತ್ತದೆ. ಆದರೆ ನಾನು ಮೊದಲ ತುತ್ತು ತಿನ್ನುವಾಗ ಅವಳು ನನ್ನ ಮುಖವನ್ನೇ ನೋಡುತ್ತಾಳೆ, ನಾನು ಏನೂ ಹೇಳಲಾರೆ.

ಎಣ್ಣೆಗಾಯಿ, ಪುಂಡಿಪಲ್ಯ, ಗುರೆಳ್ಳು ಚಟ್ನಿ, ಮೊಸರು ಎಲ್ಲ ಇತ್ತು. ಅಜ್ಜನಿಗೆ ಇಷ್ಟೂ ಬಡಿಸಿದ ಮೇಲೂ ಒಂದು ಕಮ್ಮಿ. ಕೂತಲ್ಲಿಂದಲೇ ಕೈ ಚಾಚಿ ಕಡಲೆ ಗಿಡದ ಕುಡಿ ಚಿವುಟಿ ರೊಟ್ಟಿಗೆ ಹಚ್ಚಿಕೊಳ್ಳುತ್ತಿದ್ದ. ಆ ಹುಳಿಯಿಲ್ಲದೆ ಅವನಿಗೆ ಹಬ್ಬವಿಲ್ಲ. ಅಮ್ಮ ಎಲ್ಲರೂ ಉಂಡ ಮೇಲೆ ಕೂರುವಳು. ಅವಳು ಸಮಾಧಾನವಾಗಿ ಉಂಡದ್ದನ್ನು ನಾನು ಕಂಡಿಲ್ಲ. ಇದೊಂದು ನೋವು ನನ್ನಲ್ಲಿ ಉಳಿದಿದೆ. ಒಂದು ಸಲವಾದರೂ ಅವಳನ್ನು ಮೊದಲು ಕೂರಿಸಿ ನಾವು ಬಡಿಸಬೇಕಿತ್ತು, ಅಲ್ವಾ?

ಚರಗ ಚೆಲ್ಲುವುದು ಕಾಕಾನ ಕೆಲಸವಾಗಿತ್ತು. ಎಡೆಯ ಅಡುಗೆ ಕಲಸಿದ ಬುಟ್ಟಿ ಹಿಡಿದು, ಹೊಲದ ಸುತ್ತ ಚೆಲ್ಲುತ್ತಾ "ಹುಲ್ಲುಲ್ಲಿಗೋ" ಅಂತ ಕೂಗಿದರೆ ಆಚೆ ಹೊಲದವರು ಕೈಯಲ್ಲಿದ್ದ ರೊಟ್ಟಿ ಬಿಟ್ಟು ಎದ್ದು ನಿಲ್ಲುತ್ತಿದ್ದರು. ಹೋದ ವರ್ಷ ಇದೇ ಹೊಲದಲ್ಲಿ ಕೂಗಿದ್ದ. ಚಳಿ ಮುಗಿಯುವ ಮೊದಲೇ ತೀರಿಕೊಂಡ.

ಈ ಸಲ ಬುಟ್ಟಿ ನನ್ನ ಕೈಗೆ ಬಂತು. ಕಾಕಾನ ಮಗ ತಂಬಿಗೆ ಹಿಡಿದು ನೀರು ಚಿಮುಕಿಸುತ್ತಾ ಹಿಂದೆ ಬಂದ. ಮೊದಲ ಬದುವಿನಲ್ಲಿ ದನಿಯೇ ಹೊರಡಲಿಲ್ಲ. ಸುಮ್ನೆ ಚೆಲ್ಲಿಕೊಂಡು ನಡೆದೆ.

ಬನ್ನಿ ಗಿಡದ ಕಡೆಯಿಂದ ಅವ್ವ ಕೂಗಿದಳು: "ತಮ್ಮಾ, ಜೋರಾಗಿ ಕೂಗಪ್ಪ. ನಿಮ್ಮ ಕಾಕಾನ ಹೊಲ ಅದು, ಕೆಳಗಿನ ಹೊಲಕ್ಕ ಕೇಳಬೇಕು."

ಕೂಗಿದೆ. ಹಿಂದಿದ್ದ ಹುಡುಗನೂ ಕೂಗಿದ. ಊಟವಾದ ಮೇಲೆ ಅವ್ವ ಉಳಿದ 12 ರೊಟ್ಟಿಯನ್ನು ಬಟ್ಟೆಯಲ್ಲಿ ಕಟ್ಟಿ, ಹೋಳಿಗೆ ಮೇಲಿಟ್ಟು, ಕೆಳಗಿನ ಹೊಲದವರಿಗೆ ಕೊಟ್ಟು ಬರಲು ಅವನನ್ನೇ ಕಳಿಸಿದಳು.