ಬ್ಯಾಂಡ್‌ಗೆ ರಾಜೀನಾಮೆ ಪತ್ರ

ಮೈಸೂರು
9 ಫೆಬ್ರವರಿ 2026, ಸೋಮವಾರ

ಇವರಿಗೆ,
ಸುಮುಖ ಮತ್ತು ಗೊಜ್ಜವಲಕ್ಕಿ ಬ್ಯಾಂಡಿನ ಎಲ್ಲ ಗೆಳೆಯರಿಗೆ

ವಿಷಯ: ಬಾಸ್ ಗಿಟಾರ್ ಜಾಗಕ್ಕೆ ರಾಜೀನಾಮೆ

ಪ್ರೀತಿಯ ಸುಮುಖ, ಅಫ್ಜಲ್, ದೀಪು, ನವೀನ,

ಪತ್ರ ನೋಡಿ ನಗಬೇಡಿ. ಹೋದ ವರ್ಷ ನಮ್ಮ ಕೊಳಲಿನವನು ಒಂದು ಮಾತೂ ಹೇಳದೆ ಗ್ರೂಪ್ ಬಿಟ್ಟು ಹೋದಾಗ, ಕ್ಯಾಂಟೀನಿನಲ್ಲಿ ಕೂತು ನಾವೇ ಒಂದು ನಿಯಮ ಮಾಡಿದ್ದೆವು: ಯಾರು ಬಿಟ್ಟರೂ ಒಂದು ತಿಂಗಳು ಮುಂಚೆ ಕಾಗದದಲ್ಲಿ ಬರೆದು ಕೊಡಬೇಕು. ಜೋರಾಗಿ ಟೇಬಲ್ ಕುಟ್ಟಿ ಆ ನಿಯಮ ಮಾಡಿಸಿದವನು ನಾನೇ. ಈಗ ಅದು ನನಗೇ ಬಂದು ಕೂತಿದೆ.

ಸ್ಪರ್ಧಾತ್ಮಕ ಪರೀಕ್ಷೆಗಳಿಗೆ ಓದುವುದಕ್ಕಾಗಿ ನಾನು ಬ್ಯಾಂಡ್ ಬಿಡುತ್ತಿದ್ದೇನೆ. ಮಾರ್ಚ್ 14ರ ಶನಿವಾರ ಕಾಲೇಜು ವಾರ್ಷಿಕೋತ್ಸವದಲ್ಲಿ ಬಾರಿಸುವುದೇ ನನ್ನ ಕೊನೆಯ ಕಾರ್ಯಕ್ರಮ. ಅಲ್ಲಿಯವರೆಗೆ ಒಂದು ಪ್ರಾಕ್ಟೀಸೂ ತಪ್ಪಿಸುವುದಿಲ್ಲ.

ಮನೆಯವರು ಒತ್ತಾಯ ಮಾಡಿದ್ದಾರೆ ಅಂದುಕೊಳ್ಳಬೇಡಿ. ಅಪ್ಪ ಇವತ್ತಿಗೂ ನಮ್ಮ ವಿಡಿಯೋ ತೋರಿಸಿ, "ಹಿಂದೆ ನಿಂತಿರೋನು ನಮ್ಮುಡುಗ" ಅಂತ ಅಂಗಡಿಗೆ ಬಂದವರಿಗೆಲ್ಲ ಹೇಳುತ್ತಾರೆ. ಇದು ನಾನೇ ಲೆಕ್ಕ ಹಾಕಿ ಮಾಡಿದ ತೀರ್ಮಾನ. ಲೆಕ್ಕ ಹೀಗಿದೆ. ವಾರಕ್ಕೆ ಮೂರು ದಿನ ಸಂಜೆ ಆರರಿಂದ ಎಂಟೂವರೆ ಪ್ರಾಕ್ಟೀಸ್. ಆಮೇಲೆ ಟೀ, ಆಮೇಲೆ ಗೇಟಿನ ಹತ್ತಿರ ಇನ್ನರ್ಧ ಗಂಟೆ ಮಾತು. ನಂಜನಗೂಡಿನ ಬಸ್ ಹಿಡಿದು ಮನೆ ಸೇರುವಾಗ ಹತ್ತು ದಾಟಿರುತ್ತದೆ. ಊಟ ಮಾಡಿ ಪುಸ್ತಕ ತೆಗೆದರೆ ಸಂವಿಧಾನದ ಮೂಲಭೂತ ಹಕ್ಕುಗಳ ಪುಟದ ಮೇಲೇ ತಲೆ ಇಟ್ಟು ಮಲಗಿರುತ್ತೇನೆ. ಆ ಪುಟದಲ್ಲಿ ಎಣ್ಣೆಯ ಕಲೆ ಆಗಿದೆ, ಬೇಕಾದರೆ ತೋರಿಸುತ್ತೇನೆ.

ನನ್ನ ಕಣ್ಣು ತೆರೆಸಿದ್ದು ಜನವರಿಯ ಒಂದು ಮಾಕ್ ಟೆಸ್ಟ್. ಹಿಂದಿನ ರಾತ್ರಿ ನಮ್ಮ ಶೋ ಇತ್ತು, ನಿದ್ದೆ ಆಗಿದ್ದು ನಾಲ್ಕು ಗಂಟೆ. ಕೆಎಎಸ್ ಪ್ರಿಲಿಮ್ಸ್ ಮಾದರಿ, 100 ಪ್ರಶ್ನೆ, 200 ಅಂಕ. ನಾನು 94 ಪ್ರಶ್ನೆಗೆ ಉತ್ತರ ತುಂಬಿದ್ದೆ. 41 ಸರಿ, 53 ತಪ್ಪು. ಸರಿ ಉತ್ತರಕ್ಕೆ 82 ಅಂಕ ಬಂತು. ಒಂದೊಂದು ತಪ್ಪಿಗೂ ಕಾಲು ಭಾಗ, ಅಂದರೆ ಅರ್ಧ ಅಂಕ ಕಟ್. ಹಾಗೆ 26.5 ಹೋಯಿತು, ಕೈಯಲ್ಲಿ ಉಳಿದಿದ್ದು 55.5. "ಗೊತ್ತಿಲ್ಲದ ಕಡೆ ಕೈ ಆಡಿಸಬೇಡ, ಸುಮ್ನಿರು, ಅದೂ ಬಾಸೇ" ಅಂತ ಬಾಸ್ ಕಲಿಯುತ್ತಿರುವ ಜೀವನ್‌ಗೆ ದಿನಾ ಪಾಠ ಹೇಳುವವನು ನಾನು. ಅಲ್ಲಿ 53 ಕಡೆ ಸುಮ್ಮನೆ ಬಾರಿಸಿಬಿಟ್ಟಿದ್ದೆ.

ಡಿಗ್ರಿ ಮುಗಿದ ಮೇಲೆ ಓದಿದರಾಯಿತು ಅಂತ ನವೀನ ಹೇಳುತ್ತಾನೆ. ನಾನೂ ಆರು ತಿಂಗಳು ಹಾಗೇ ಅಂದುಕೊಂಡಿದ್ದೆ. ಆದರೆ ಕೆಎಎಸ್‌ಗೆ ವರ್ಷ ವರ್ಷ ಕರೆಯುವುದಿಲ್ಲ. 2020ರಲ್ಲಿ 106 ಹುದ್ದೆಗೆ ಕರೆದರು, ಮುಂದಿನ ಅಧಿಸೂಚನೆ ಬಂದಿದ್ದು 2024ರಲ್ಲಿ, 384 ಹುದ್ದೆಗೆ. ಯಾವಾಗ ಕರೆಯುತ್ತಾರೋ ಆಗ ತಯಾರಿರಬೇಕು, ಕರೆದ ಮೇಲೆ ಶುರು ಮಾಡಿದರೆ ಆಗಲ್ಲ. ಯುಪಿಎಸ್‌ಸಿ ವರ್ಷಕ್ಕೊಮ್ಮೆ ನಡೆಯುತ್ತದೆ, ಅದನ್ನೂ ಬರೆಯುತ್ತೇನೆ. ನಡುವೆ ಪಿಡಿಒ, ಎಫ್‌ಡಿಎ ಏನು ಬಂದರೂ ಅರ್ಜಿ ಹಾಕುತ್ತೇನೆ. ಆರನೇ ಕ್ಲಾಸಿನಿಂದ ಹನ್ನೆರಡರವರೆಗಿನ ಸಮಾಜ ಪುಸ್ತಕಗಳನ್ನು ಮತ್ತೆ ಓದುತ್ತಿದ್ದೇನೆ, ಈಗ ಎಂಟನೇ ಕ್ಲಾಸಿಗೆ ಪಾಸಾಗಿದ್ದೇನೆ. ಜೂನ್‌ನಲ್ಲಿ ಬೆಂಗಳೂರಿನ ವಿಜಯನಗರದಲ್ಲಿ ರೂಮ್ ಮಾಡುವ ಯೋಚನೆ ಇದೆ. ಅಲ್ಲಿ ನಾಲ್ಕು ಜನ ಇರುವ ರೂಮಿನಲ್ಲಿ ಬಾಸ್ ಬಾರಿಸಿದರೆ ಏನಾಗುತ್ತದೆ ಅಂತ ನಿಮಗೇ ಗೊತ್ತು.

ಇನ್ನು ಕೆಲಸದ ಮಾತು. ನನ್ನ ಜಾಗಕ್ಕೆ ಜೀವನ್‌ನನ್ನೇ ತೆಗೆದುಕೊಳ್ಳಿ. ಸೆಕೆಂಡ್ ಇಯರ್ ಹುಡುಗ, ಕೈ ಚೆನ್ನಾಗಿದೆ, ಹೇಳಿದ ಟೈಮಿಗೆ ಬರುತ್ತಾನೆ. ಗಿಟಾರಿನಿಂದ ಬಂದವನಾದ್ದರಿಂದ ಸ್ವರ ಜಾಸ್ತಿ ತುಂಬುತ್ತಾನೆ. ಅವನನ್ನು ನವೀನನ ಪಕ್ಕ ನಿಲ್ಲಿಸಬೇಡಿ, ಇಬ್ಬರೂ ಪೈಪೋಟಿಗೆ ಬೀಳುತ್ತಾರೆ. ಅಫ್ಜಲ್‌ನ ಎಡಗಡೆ, ಕಿಕ್ ಡ್ರಮ್ಮಿಗೆ ಹತ್ತಿರ ನಿಲ್ಲಿಸಿ. ಅಫ್ಜಲ್‌ನ ಬಲಗಾಲು ಅವನಿಗೆ ಕಾಣಿಸಬೇಕು. ಮೂರು ವರ್ಷ ನಾನು ನೋಡಿದ್ದು ನಿಮ್ಮ ಯಾರ ಮುಖವನ್ನೂ ಅಲ್ಲ, ಆ ಕಾಲನ್ನೇ. ಆ ನೀಲಿ ಚಪ್ಪಲಿ ಬದಲಾಯಿಸಿದ ದಿನ ನನಗೆ ಎರಡು ಹಾಡು ತಾಳವೇ ಸಿಕ್ಕಿರಲಿಲ್ಲ.

ಜೀವನ್ ಪೂರ್ತಿ ತಯಾರಾಗುವವರೆಗೆ ದೀಪು ಎಡಗೈಯಲ್ಲಿ ಕೀಬೋರ್ಡಿನಲ್ಲೇ ಬಾಸ್ ನೋಡಿಕೊಳ್ಳಬಹುದು. ಆಗಲ್ಲ ಅಂತ ಮಾತ್ರ ಹೇಳಬೇಡ ದೀಪು, ಒಂದು ಸಲ ಮಾಡಿ ತೋರಿಸಿದ್ದೀಯ. ಯುವ ಸಂಭ್ರಮದಲ್ಲಿ, ಮಾನಸಗಂಗೋತ್ರಿಯ ಬಯಲು ರಂಗಮಂದಿರದ ಸ್ಟೇಜಿನ ಮೇಲೆ, ಎರಡನೇ ಹಾಡಿನ ನಡುವೆ ನನ್ನ ಬಾಸ್ ಸತ್ತುಹೋಗಿತ್ತಲ್ಲ. ಎದುರಿಗೆ ಅಷ್ಟು ಜನ, ಕೈ ಆಡುತ್ತಿದೆ, ಸದ್ದಿಲ್ಲ. ನಾನು ಆಂಪ್ ನೋಡಿದೆ, ಕೇಬಲ್ ಅಲ್ಲಾಡಿಸಿದೆ. ಅಫ್ಜಲ್ ನನ್ನ ಕಡೆ ನೋಡಿ ಹುಬ್ಬು ಹಾರಿಸಿದ. ನಾಲ್ಕು ಆವರ್ತನ ಕಳೆಯುವಷ್ಟರಲ್ಲಿ ಕೆಳಗಿನಿಂದ ಬಾಸ್ ಬಂತು, ನನ್ನದಲ್ಲ, ನಿನ್ನದು. ನಾನು ಹಾಡು ಮುಗಿಯುವವರೆಗೂ ಸುಮ್ಮನೆ ಬಾರಿಸುವ ಹಾಗೆ ನಟಿಸಿದೆ. ನನ್ನ ಚಿಕ್ಕಪ್ಪ ಮುಂದಿನ ಸಾಲಿನಲ್ಲಿ ಕೂತಿದ್ದರು, ಆ ಹಾಡಿನಲ್ಲೇ ನೀನು ಚೆನ್ನಾಗಿ ಬಾರಿಸಿದ್ದು ಅಂದರು.

ಅವತ್ತು ವಯರಿಂಗ್ ಸರಿ ಇರಲಿಲ್ಲ ಅಂತ ನಿಮಗೆಲ್ಲ ಹೇಳಿದ್ದೆ. ಅದು ಸುಳ್ಳು. ನಮ್ಮ ಬಾಸ್ ಆ್ಯಕ್ಟಿವ್ ಬಾಸ್, ಹಿಂದೆ ಒಂದು 9 ವೋಲ್ಟ್ ಬ್ಯಾಟರಿ ಇದೆ. ಜಾಕ್ ಚುಚ್ಚಿದ್ದರೆ ಸಾಕು, ಬಾರಿಸದಿದ್ದರೂ ಬ್ಯಾಟರಿ ಖರ್ಚಾಗುತ್ತಲೇ ಇರುತ್ತದೆ. ಹಿಂದಿನ ಎರಡು ರಾತ್ರಿಯೂ ಜಾಕ್ ತೆಗೆಯದೆ ಹಾಗೇ ಬಿಟ್ಟುಹೋಗಿದ್ದೆ. ತಪ್ಪು ನನ್ನದೇ. ರಾಜೀನಾಮೆ ಕೊಡುವಾಗ ಹೇಳದಿದ್ದರೆ ಇನ್ನೆಂದೂ ಹೇಳುವುದಿಲ್ಲ ಅನ್ನಿಸಿತು.

ಆದ್ದರಿಂದ ಜೀವನ್, ಮೊದಲನೆಯ ಪಾಠ: ಪ್ರಾಕ್ಟೀಸ್ ಮುಗಿದ ತಕ್ಷಣ ಜಾಕ್ ತೆಗಿ. ಚೀಲದ ಸಣ್ಣ ಜೇಬಿನಲ್ಲಿ ಯಾವಾಗಲೂ ಒಂದು ಹೊಸ ಬ್ಯಾಟರಿ ಇರಲಿ. ತಂತಿಗಳನ್ನು ನವೆಂಬರಿನಲ್ಲಿ ಬದಲಾಯಿಸಿದ್ದೇನೆ, ಈ ವರ್ಷ ಓಡುತ್ತವೆ. ಬೆವರು ಒರೆಸಿ ಇಡು. ಮಳೆಗಾಲದಲ್ಲಿ ನೆಕ್ ಸ್ವಲ್ಪ ಬಾಗುತ್ತದೆ, ಮೂರನೇ ಫ್ರೆಟ್ಟಿನಲ್ಲಿ ಗರಗರ ಅನ್ನುತ್ತದೆ. ಅಲೆನ್ ಕೀ ನವೀನನ ಹತ್ತಿರ ಇದೆ. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ ತಿರುಗಿಸಿ, ಒಂದು ದಿನ ಬಿಟ್ಟು ನೋಡು. ಅವಸರ ಮಾಡಿದರೆ ಮರ ಸೀಳುತ್ತದೆ.

ನಾವು ತತ್ವಪದ ಹಾಡುವಾಗ ದಪ್ಪ ತಂತಿಯನ್ನು ಇ ಇಂದ ಡಿಗೆ ಇಳಿಸಬೇಕು. ಇಳಿಸಿದ ಮೇಲೆ ಆ ಒಂದು ತಂತಿಯಲ್ಲಿ ಎಲ್ಲ ಸ್ವರವೂ ಎರಡು ಫ್ರೆಟ್ ಮುಂದಕ್ಕೆ ಹೋಗುತ್ತವೆ. ಮರೆತರೆ ಜಿ ಬದಲು ಎಫ್ ಬಂದು ಮಾನ ಹೋಗುತ್ತದೆ. ಹಾಡು ಮುಗಿದ ಮೇಲೆ ತಂತಿಯನ್ನು ಮತ್ತೆ ಏರಿಸಲು ನಲವತ್ತು ಸೆಕೆಂಡ್ ಬೇಕು. ಸುಮುಖ, ನಿನ್ನ ಭಾಷಣ ಉದ್ದ ಅಂತ ಮೂರು ವರ್ಷ ನಿನ್ನನ್ನು ರೇಗಿಸಿದ್ದೇನೆ. ನಿಜ ಹೇಳಬೇಕೆಂದರೆ ಅಷ್ಟು ಹೊತ್ತು ನೀನು ಮಾತಾಡುತ್ತಿದ್ದರಿಂದಲೇ ನಾನು ಬದುಕಿದೆ. ಜೀವನ್ ಬಂದ ಮೇಲೂ ಅಲ್ಲಿ ಮಾತು ಕಡಿಮೆ ಮಾಡಬೇಡ. ಬೇರೆ ಕಡೆ ಕಡಿಮೆ ಮಾಡಿದರೆ ಒಳ್ಳೆಯದೇ.

ಏಳು ಅಕ್ಷರದ ತಾಳದ ಹಾಡಿನಲ್ಲಿ ಬಾಯಲ್ಲಿ "ತಕಿಟ ತಕದಿಮಿ" ಬಿಡಬಾರದು. ನವೀನ ಸೋಲೋ ಹೊಡೆಯುವಾಗ ಒಂದಕ್ಷರ ಸೇರಿಸಿ ಎಂಟು ಮಾಡಿಕೊಳ್ಳುತ್ತಾನೆ, ಅವನ ಹಿಂದೆ ಹೋದರೆ ಕೆಟ್ಟೆ. ನೀನು ನಿನ್ನ ಏಳರಲ್ಲೇ ಇರು, ಸುತ್ತಿ ಸುತ್ತಿ ಅವನೇ ವಾಪಸ್ ಬರುತ್ತಾನೆ. ಬರದಿದ್ದರೆ ಅಫ್ಜಲ್ ಸಿಂಬಲ್ ಹೊಡೆದು ಎಬ್ಬಿಸುತ್ತಾನೆ.

ದುಡ್ಡಿನ ಲೆಕ್ಕ ನನ್ನ ಹತ್ತಿರವೇ ಇತ್ತು. ಬಿಸ್ಕೆಟ್ ಡಬ್ಬಿಯಲ್ಲಿ 4,340 ರೂಪಾಯಿ ಇದೆ. ಕ್ಯಾಂಟೀನಿನ ಬಾಕಿ 260 ಕೊಟ್ಟಾಗಿದೆ. ಕೆಂಪು ನೋಟ್‌ಬುಕ್ಕಿನಲ್ಲಿ ಪ್ರತಿ ಖರ್ಚೂ ಇದೆ. "ಇತರೆ 90" ಅಂತ ಒಂದು ಕಡೆ ಇದೆ, ಅದು ಸುಮುಖನ ಹುಟ್ಟುಹಬ್ಬದ ಕೇಕಿಗೆ ಸಾಲದೆ ಬಂದ ದುಡ್ಡು. ಇನ್ನು ಮುಂದೆ ಲೆಕ್ಕವನ್ನು ದೀಪು ನೋಡಿಕೊಳ್ಳಲಿ, ಉಳಿದ ಮೂವರಿಗೆ ಡಬ್ಬಿ ಕೊಡಬೇಡಿ. ಬಾಸ್ ನಾವೆಲ್ಲ ಸೇರಿ 9,500ಕ್ಕೆ ಸೆಕೆಂಡ್ ಹ್ಯಾಂಡ್ ತಂದಿದ್ದು. ನನ್ನ ಪಾಲಿನ ದುಡ್ಡು ವಾಪಸ್ ಬೇಡ. ಬಾಸ್ ಬ್ಯಾಂಡಿನಲ್ಲೇ ಇರಲಿ. ಬೆಲ್ಟ್ ಮಾತ್ರ ನನ್ನದು, ಅಮ್ಮ ಹಳೆಯ ರೇಷ್ಮೆ ಸೀರೆಯ ಅಂಚಿನಿಂದ ಹೊಲಿದು ಕೊಟ್ಟಿದ್ದು. ಅದನ್ನು ತೆಗೆದುಕೊಂಡು ಹೋಗುತ್ತೇನೆ.

ಮಾರ್ಚ್ 14ರ ರಾತ್ರಿ ವಾಟ್ಸಾಪ್ ಗ್ರೂಪಿನಿಂದ ಹೊರಗೆ ಹೋಗುತ್ತೇನೆ. ಕೋಪ ಅಲ್ಲ, ಮತ್ತೆ ಸೇರಿಸಬೇಡಿ. ಪ್ರಾಕ್ಟೀಸ್ ರೆಕಾರ್ಡಿಂಗ್ ಬಂದರೆ ನಾನು ಓದುವುದಿಲ್ಲ, ಕೇಳಿಕೊಂಡು ಕೂರುತ್ತೇನೆ. ಇನ್ನೊಂದು ಮಾತು. ಪರೀಕ್ಷೆ ಮುಗಿದ ಮೇಲೆ ಬರುತ್ತೀಯಲ್ಲ ಅಂತ ಯಾರೂ ಕೇಳಬೇಡಿ. ಪಾಸಾದರೂ ಫೇಲಾದರೂ ಜಾಗ ಜೀವನ್‌ದೇ. ಅರ್ಧ ಮನಸ್ಸಿನಲ್ಲಿ ಜಾಗ ಹಿಡಿದಿಟ್ಟರೆ ಆ ಹುಡುಗ ಯಾವತ್ತೂ ಬಾಡಿಗೆಯವನ ಹಾಗೇ ಬಾರಿಸುತ್ತಾನೆ.

ಗುರುವಾರ ಪ್ರಾಕ್ಟೀಸಿಗೆ ಜೀವನ್‌ನನ್ನು ಕರೆದುಕೊಂಡು ಬರುತ್ತೇನೆ. ಮೊದಲ ಎರಡು ಹಾಡು ಅವನು, ಉಳಿದದ್ದು ನಾನು. ಮುಂದಿನ ವಾರದಿಂದ ಅರ್ಧಕ್ಕರ್ಧ. ರೂಮಿನ ಕೀಲಿ ಈಗ ನನ್ನ ಹತ್ತಿರ ಇದೆ, ಅಫ್ಜಲ್‌ಗೆ ಕೊಡುತ್ತೇನೆ. ಬಾಗಿಲನ್ನು ಸ್ವಲ್ಪ ಮೇಲಕ್ಕೆತ್ತಿ ಕೀಲಿ ತಿರುಗಿಸಬೇಕು, ಇಲ್ಲದಿದ್ದರೆ ತೆಗೆಯುವುದಿಲ್ಲ.

ಇಂತಿ ನಿಮ್ಮ,
ಚೇತನ್
ಬಿಎಸ್ಸಿ, ಆರನೇ ಸೆಮಿಸ್ಟರ್
ಬಾಸ್ ಗಿಟಾರ್ (ಮಾರ್ಚ್ 14ರವರೆಗೆ)