ಸಂಶೋಧನಾ ಪ್ರಸ್ತಾವನೆ ಮಂಡನೆಗೆ ಪ್ರಶ್ನೆಗಳು: ರಾತ್ರಿಯ ಮೊಬೈಲ್ ಬಳಕೆ ಮತ್ತು ಹದಿಹರೆಯದವರ ನಿದ್ರೆ

ಅಭ್ಯರ್ಥಿಗೆ; ಪ್ರತಿಗಳು: ಗೈಡ್ ಅವರಿಗೆ ಮತ್ತು ಡಾಕ್ಟೊರಲ್ ಕಮಿಟಿಯ ಸದಸ್ಯರಿಗೆ

ನಿಮ್ಮ ಪ್ರಸ್ತಾವನೆಯನ್ನು ಪೂರ್ತಿ ಓದಿದ್ದೇನೆ. ಮಂಡನೆಯ ದಿನ ಕೇಳಲಿರುವ ಪ್ರಶ್ನೆಗಳನ್ನು ಮುಂಚಿತವಾಗಿಯೇ ಕಳಿಸುತ್ತಿದ್ದೇನೆ. ನಿಂತ ನಿಲುವಿನಲ್ಲಿ ಹೊಳೆದ ಉತ್ತರಕ್ಕಿಂತ ಯೋಚಿಸಿ, ಲೆಕ್ಕ ಹಾಕಿ ತಂದ ಉತ್ತರ ನನಗೆ ಬೇಕು. ವಿಷಯ ಮುಖ್ಯವಾದದ್ದೇ ಎಂಬುದರಲ್ಲಿ ನನಗೆ ಅನುಮಾನವಿಲ್ಲ. ಹಾಗಾಗಿ 20 ನಿಮಿಷಗಳ ಮಂಡನೆಯಲ್ಲಿ ಹಿನ್ನೆಲೆಗೆ ಎರಡು ಸ್ಲೈಡ್ ಸಾಕು. ನೀವು ಕೇಳಿಕೊಂಡಿರುವ ಪ್ರಶ್ನೆಗೆ ನೀವು ಸಂಗ್ರಹಿಸಲಿರುವ ಡೇಟಾ ಉತ್ತರ ಕೊಡುತ್ತದೆಯೇ ಎಂಬುದಷ್ಟೇ ನನ್ನ ತಕರಾರು.

ಪ್ರಸ್ತಾವನೆಯಿಂದ ನಾನು ಗ್ರಹಿಸಿದ್ದು ಹೀಗೆ: ಆರು ಶಾಲೆಗಳು, 13ರಿಂದ 16 ವಯಸ್ಸಿನ 600 ವಿದ್ಯಾರ್ಥಿಗಳು, ಆರು ತಿಂಗಳ ಅಂತರದಲ್ಲಿ ಮೂರು ಸುತ್ತಿನ ಪ್ರಶ್ನಾವಳಿ. ಅವರಲ್ಲಿ 60 ಮಂದಿಗೆ ಪ್ರತಿ ಸುತ್ತಿನಲ್ಲೂ ಏಳು ರಾತ್ರಿ ಮಣಿಕಟ್ಟಿಗೆ ಆಕ್ಟಿಗ್ರಫಿ ಸಾಧನ. ಕೊನೆಗೆ 40 ಸಂದರ್ಶನಗಳು. ಒಟ್ಟು ಅವಧಿ 36 ತಿಂಗಳು. ಇದರಲ್ಲಿ ಏನಾದರೂ ತಪ್ಪಿದ್ದರೆ ಮೊದಲೇ ತಿಳಿಸಿ, ಏಕೆಂದರೆ ಕೆಳಗಿನ ಲೆಕ್ಕಗಳೆಲ್ಲ ಇದರ ಮೇಲೆಯೇ ನಿಂತಿವೆ.

ಮೂಲ ಪ್ರಶ್ನೆ

1. ಮುಖ್ಯ ಪ್ರಶ್ನೆಯನ್ನು ನೀವು "ರಾತ್ರಿಯ ಮೊಬೈಲ್ ಬಳಕೆಯು ಹದಿಹರೆಯದವರ ನಿದ್ರೆಯನ್ನು ಹೇಗೆ ಕೆಡಿಸುತ್ತದೆ?" ಎಂದು ಬರೆದಿದ್ದೀರಿ. ಕೆಡಿಸುತ್ತದೆ ಎಂಬುದು ಇಲ್ಲಿ ಆಗಲೇ ತೀರ್ಮಾನವಾಗಿದೆ. ಕೆಡಿಸುವುದಿಲ್ಲ ಎಂದು ಡೇಟಾ ಹೇಳಿದರೆ ಆ ಮಾತಿಗೆ ಈ ವಾಕ್ಯದಲ್ಲಿ ಜಾಗ ಎಲ್ಲಿದೆ? ನಿಮ್ಮ ಊಹೆ ಸೋಲಲು ಯಾವ ಫಲಿತಾಂಶ ಬರಬೇಕು, ಒಂದೇ ವಾಕ್ಯದಲ್ಲಿ ಹೇಳಿ.

2. ನಿದ್ದೆ ಬಾರದವರೇ ಮೊಬೈಲ್ ಹಿಡಿದು ಕೂರುತ್ತಾರೆ ಎಂಬ ವಿರುದ್ಧ ವಾದವನ್ನು ಹೇಗೆ ಎದುರಿಸುತ್ತೀರಿ? ಮೂರು ಸುತ್ತುಗಳಿರುವುದರಿಂದ ಯಾವುದು ಮೊದಲು, ಯಾವುದು ನಂತರ ಎಂದು ತಿಳಿಯುತ್ತದೆ ಎಂದಿದ್ದೀರಿ. ಆದರೆ ಮೊಬೈಲ್ ನಿದ್ದೆಗೆಡಿಸುವುದು ಅದೇ ರಾತ್ರಿ. ನಿಮ್ಮ ಸುತ್ತುಗಳ ನಡುವಿನ ಅಂತರ ಆರು ತಿಂಗಳು. ಒಂದು ರಾತ್ರಿಯಲ್ಲಿ ನಡೆದು ಮುಗಿಯುವ ಸಂಗತಿ ಅರ್ಧ ವರ್ಷದ ಅಂತರದ ಅಳತೆಯಲ್ಲಿ ಕಾಣಿಸುತ್ತದೆ ಎನ್ನಲು ಆಧಾರವೇನು? ಅದೇ 60 ಮಂದಿಯಲ್ಲಿ ಒಂದೊಂದು ರಾತ್ರಿಯ ಬಳಕೆಯನ್ನೂ ಆ ರಾತ್ರಿಯ ನಿದ್ದೆಯನ್ನೂ ಜೋಡಿಸಿ ನೋಡುವ ದಾರಿ ಯೋಚಿಸಿದ್ದೀರಾ? ನನ್ನ ಮಟ್ಟಿಗೆ ಈ ಪ್ರಸ್ತಾವನೆಯಲ್ಲಿ ಅಡಗಿರುವ ಒಳ್ಳೆಯ ಥೀಸಿಸ್ ಅಲ್ಲಿದೆ. ಆದರೆ ಅದಕ್ಕೆ ನೀವು ಕೊಟ್ಟಿರುವುದು ಅರ್ಧ ಪುಟ.

3. ಪ್ರೌಢಾವಸ್ಥೆಯಲ್ಲಿ ದೇಹದ ಗಡಿಯಾರವೇ ತಡವಾಗುತ್ತದೆ. ಮಕ್ಕಳು ತಡವಾಗಿ ಮಲಗತೊಡಗುತ್ತಾರೆ. ಅದೇ ವಯಸ್ಸಿನಲ್ಲಿ ಮೊಬೈಲ್ ಬಳಕೆಯೂ ಏರುತ್ತದೆ. 13ರ ಹುಡುಗಿ ಅಧ್ಯಯನ ಮುಗಿಯುವಷ್ಟರಲ್ಲಿ 14 ದಾಟಿರುತ್ತಾಳೆ. ಬೆಳವಣಿಗೆಯ ಪಾಲು ಎಷ್ಟು, ಮೊಬೈಲ್ ಪಾಲು ಎಷ್ಟು ಎಂದು ಬೇರ್ಪಡಿಸಲು ಏನನ್ನು ಅಳೆಯುತ್ತೀರಿ? "ವಯಸ್ಸನ್ನು ನಿಯಂತ್ರಿಸಲಾಗುವುದು" ಎಂಬ ಒಂದು ಸಾಲು ಸಾಲದು.

4. ಮೂರನೆಯ ಉಪಪ್ರಶ್ನೆ, ಶಾಲೆ ಆರಂಭವಾಗುವ ಸಮಯ ಈ ಸಂಬಂಧವನ್ನು ಬದಲಿಸುತ್ತದೆಯೇ ಎಂಬುದು. ಶಾಲೆಗಳು ಆರು. ಬೇಗ ಶುರುವಾಗುವವು ಎರಡು, ಅವೆರಡೂ ವಸತಿ ಶಾಲೆಗಳು. ವಸತಿ ಶಾಲೆಯಲ್ಲಿ ರಾತ್ರಿ ಮೊಬೈಲ್ ಸಿಗುವ ರೀತಿಯೇ ಬೇರೆ. ವಿದ್ಯಾರ್ಥಿಗಳು 600 ಇರಲಿ, 6,000 ಇರಲಿ, ಈ ಪ್ರಶ್ನೆಯ ಮಟ್ಟಿಗೆ ನಿಮ್ಮ ಬಳಿ ಇರುವುದು ಆರು ಬಿಂದುಗಳು ಮಾತ್ರ. ಇದನ್ನು ಕೈಬಿಡಲು ಏನು ಅಡ್ಡಿ?

ಅಳತೆ

5. ನಿದ್ದೆಗೆ ಪಿಟ್ಸ್‌ಬರ್ಗ್ ನಿದ್ರಾ ಗುಣಮಟ್ಟ ಸೂಚ್ಯಂಕ ಬಳಸುತ್ತೀರಿ. 1989ರಲ್ಲಿ ಪ್ರಕಟವಾದ ಈ ಪ್ರಶ್ನಾವಳಿ ಕಳೆದ ಒಂದು ತಿಂಗಳ ಬಗ್ಗೆ ಕೇಳುತ್ತದೆ. ಅಂಕ 0ರಿಂದ 21. ಮೊಬೈಲ್ ಬಳಕೆಯನ್ನು ಮಾತ್ರ ನೀವು "ನಿನ್ನೆ ರಾತ್ರಿ"ಯದು ಕೇಳುತ್ತಿದ್ದೀರಿ. ತಿಂಗಳ ನಿದ್ದೆಯನ್ನು ಒಂದು ರಾತ್ರಿಯ ಬಳಕೆಯಿಂದ ವಿವರಿಸುವುದು ಹೇಗೆ? ಜೊತೆಗೆ, ಆ ಸೂಚ್ಯಂಕ ಶಾಲೆಯ ದಿನ, ರಜಾದಿನ ಎಂದು ಭೇದ ಮಾಡುವುದಿಲ್ಲ. ಈ ವಯಸ್ಸಿನವರಲ್ಲಿ ಆ ಭೇದವೇ ಅರ್ಧ ಕಥೆ.

6. ಈ ಪ್ರಶ್ನೆಗೆ ಚೆನ್ನಾಗಿ ತಯಾರಾಗಿ ಬನ್ನಿ. ಆಕ್ಟಿಗ್ರಫಿ ಅಳೆಯುವುದು ಕೈಯ ಚಲನೆಯನ್ನು, ನಿದ್ದೆಯನ್ನಲ್ಲ. ಎಚ್ಚರವಿದ್ದೂ ಅಲುಗಾಡದೆ ಮಲಗಿರುವವರನ್ನು ಅದು ನಿದ್ದೆಯಲ್ಲಿದ್ದಾರೆ ಎಂದು ದಾಖಲಿಸುವುದುಂಟು. ಈಗ ಹೊದಿಕೆಯೊಳಗೆ ಮೊಬೈಲ್ ಆನಿಸಿಟ್ಟು ಒಂದು ಗಂಟೆ ವೀಡಿಯೊ ನೋಡುವ ಹುಡುಗನನ್ನು ನೆನೆಸಿಕೊಳ್ಳಿ. ನೀವು ಪತ್ತೆ ಹಚ್ಚಲು ಹೊರಟ ವರ್ತನೆಯೇ ನಿಮ್ಮ ಸಾಧನದ ಕಣ್ಣಿಗೆ ನಿದ್ದೆ. ಹೆಚ್ಚು ನೋಡಿದವನು ಹೆಚ್ಚು ಮಲಗಿದಂತೆ ಕಾಣಬಹುದು. ಇದು ಹೆಚ್ಚು ಸ್ಯಾಂಪಲ್ ತೆಗೆದುಕೊಂಡರೆ ಹೋಗುವ ದೋಷವಲ್ಲ, ಒಂದೇ ದಿಕ್ಕಿಗೆ ಎಳೆಯುವ ದೋಷ. ನಿದ್ರಾ ದಿನಚರಿ, ಫೋನಿನ ಸ್ಕ್ರೀನ್ ಲಾಗ್, ಯಾವುದನ್ನು ಜೊತೆಗಿಡುತ್ತೀರಿ? ಎರಡರ ಸಮಯ ತಾಳೆಯಾಗದಿದ್ದಾಗ ಯಾವುದನ್ನು ನಂಬುತ್ತೀರಿ? ಆ ನಿಯಮವನ್ನು ಡೇಟಾ ನೋಡುವ ಮೊದಲೇ ಬರೆದಿಡುತ್ತೀರಾ?

7. ಬಳಕೆಯ ಅವಧಿಯನ್ನು ವಿದ್ಯಾರ್ಥಿಗಳ ಬಾಯಿಮಾತಿನಿಂದಲೇ ಪಡೆಯುತ್ತೀರಿ. ಫೋನ್ ದಾಖಲಿಸಿದ್ದಕ್ಕೂ ಬಳಸಿದವರು ಹೇಳುವುದಕ್ಕೂ ವ್ಯತ್ಯಾಸವಿರುತ್ತದೆ ಎಂಬುದು ಗೊತ್ತಿರುವ ಸಂಗತಿ. ಲಾಗ್ ಕೊಡಲು ಪೋಷಕರು ಒಪ್ಪುತ್ತಾರೆಯೇ ಎಂದು ಕೆಲವು ಕುಟುಂಬಗಳನ್ನಾದರೂ ಕೇಳಿ ನೋಡಿದ್ದೀರಾ? ಮನೆಮಂದಿಗೆಲ್ಲ ಒಂದೇ ಫೋನ್ ಇದ್ದರೆ ಆ ಲಾಗ್ ಯಾರದು?

ಸಂಖ್ಯೆ

8. ನಿಮ್ಮದೇ ಸಾಹಿತ್ಯ ಸಮೀಕ್ಷೆಯಲ್ಲಿ ಸಂಬಂಧ "ದುರ್ಬಲದಿಂದ ಮಧ್ಯಮ" ಎಂದಿದ್ದೀರಿ. ಶೇ 5ರ ಮಟ್ಟದಲ್ಲಿ, ಶೇ 80ರ ಪವರ್‌ನೊಂದಿಗೆ 0.2ರ ಸಹಸಂಬಂಧವನ್ನು ಹಿಡಿಯಲು ಸುಮಾರು 194 ಜನ ಬೇಕು, 0.1ಕ್ಕಾದರೆ ಸುಮಾರು 783. ಆಕ್ಟಿಗ್ರಫಿ ಗುಂಪಿನ 60 ಜನರಲ್ಲಿ 0.35ರ ಆಸುಪಾಸಿನದು ಮಾತ್ರ ಕೈಗೆ ಸಿಗುತ್ತದೆ. 60 ಎಂಬ ಸಂಖ್ಯೆ ಎಲ್ಲಿಂದ ಬಂತು? ಸಾಧನಗಳು ಎಷ್ಟಿವೆ ಎಂಬುದರಿಂದ ಬಂದಿದ್ದರೆ ಹಾಗೆಯೇ ಹೇಳಿ, ಅದರಲ್ಲಿ ಅವಮಾನವೇನಿಲ್ಲ. ಆದರೆ ಆಗ ಆ ಗುಂಪಿನಿಂದ ಯಾವ ಪ್ರಶ್ನೆಗೆ ಉತ್ತರ ಸಿಗುತ್ತದೆ ಎಂಬುದೂ ಬದಲಾಗಬೇಕು.

9. 600 ವಿದ್ಯಾರ್ಥಿಗಳು 24 ತರಗತಿಗಳಿಂದ ಬರುತ್ತಾರೆ, ತರಗತಿಗೆ 25. ಒಂದೇ ತರಗತಿಯವರ ನಡುವಿನ ಸಾಮ್ಯವನ್ನು 0.05 ಎಂದಿಟ್ಟುಕೊಂಡರೂ ಡಿಸೈನ್ ಎಫೆಕ್ಟ್ 1 + 24 × 0.05, ಅಂದರೆ 2.2. ಆಗ ನಿಮ್ಮ 600 ಸುಮಾರು 273ಕ್ಕೆ ಸಮ. ಸ್ಯಾಂಪಲ್ ಲೆಕ್ಕದಲ್ಲಿ ಇದು ಯಾಕಿಲ್ಲ?

10. ಪ್ರತಿ ಸುತ್ತಿಗೆ ಶೇ 15ರಷ್ಟು ಮಂದಿ ಬಿಟ್ಟುಹೋದರೆ ಮೂರನೆಯ ಸುತ್ತಿಗೆ ಉಳಿಯುವವರು 433ರ ಸುಮಾರು. ಬಿಟ್ಟುಹೋಗುವವರೇ ಕಡಿಮೆ ನಿದ್ದೆಯವರಾಗಿದ್ದರೆ?

11. ವ್ಯತ್ಯಾಸ ಕಾಣದೆ ಹೋದರೆ, "ಪರಿಣಾಮವಿಲ್ಲ" ಎನ್ನುತ್ತೀರೋ "ನಮಗೆ ಕಾಣಿಸಲಿಲ್ಲ" ಎನ್ನುತ್ತೀರೋ? ಎಷ್ಟು ನಿಮಿಷ ನಿದ್ದೆ ಕಡಿಮೆಯಾದರೆ ಲೆಕ್ಕಕ್ಕೆ ಬರುತ್ತದೆ: ಐದೇ, ಹದಿನೈದೇ, ಮೂವತ್ತೇ? ಸಂಖ್ಯೆ ಹೇಳಿ, ಕಾರಣವನ್ನೂ ಹೇಳಿ.

ವೇಳಾಪಟ್ಟಿ

12. ನಿಮ್ಮ ಪಟ್ಟಿಯಂತೆ 3ನೇ ತಿಂಗಳಲ್ಲಿ ಎಥಿಕ್ಸ್ ಕಮಿಟಿಯ ಒಪ್ಪಿಗೆ, 4ರಲ್ಲಿ ಮೊದಲ ಸುತ್ತು, ಆಮೇಲೆ 10 ಮತ್ತು 16. ಅಪ್ರಾಪ್ತರ ಅಧ್ಯಯನವಾದ್ದರಿಂದ ಪೋಷಕರ ಸಮ್ಮತಿಯೂ ಬೇಕು, ಮಗುವಿನ ಒಪ್ಪಿಗೆಯೂ ಬೇಕು, ಶಾಲೆಯ ಅನುಮತಿಯೂ ಬೇಕು. ಎಥಿಕ್ಸ್ ಕಮಿಟಿ ಒಂದು ಸಲ ತಿದ್ದುಪಡಿ ಕೇಳಿ ವಾಪಸ್ ಕಳಿಸಿದರೆ ಮೊದಲ ಸುತ್ತು ಎಲ್ಲಿಗೆ ಹೋಗಿ ಬೀಳುತ್ತದೆ? ಪರೀಕ್ಷೆಯ ವಾರಕ್ಕೋ, ರಜೆಗೋ? ಪರೀಕ್ಷೆಯ ಹಿಂದಿನ ನಿದ್ದೆಯನ್ನು ರಜೆಯ ನಿದ್ದೆಗೆ ಹೋಲಿಸಿದರೆ ನೀವು ಅಳೆದಂತಾಗುವುದು ಶಾಲೆಯ ಕ್ಯಾಲೆಂಡರನ್ನು. ಆರೂ ಶಾಲೆಗಳ ಕ್ಯಾಲೆಂಡರ್ ಪಕ್ಕದಲ್ಲಿಟ್ಟುಕೊಂಡು ವೇಳಾಪಟ್ಟಿಯನ್ನು ಮತ್ತೆ ಬರೆದು ತನ್ನಿ.

13. ಪ್ರಶ್ನಾವಳಿಯ ಅನುವಾದ, ಮರು ಅನುವಾದ, ಮಕ್ಕಳಿಗೆ ಅರ್ಥವಾಗುತ್ತದೆಯೇ ಎಂಬ ಪರಿಶೀಲನೆ, ಪೈಲಟ್, ಇವಿಷ್ಟಕ್ಕೂ ಪಟ್ಟಿಯಲ್ಲಿ ಒಂದು ದಿನವೂ ಇಲ್ಲ. ಮರೆತಿರೋ, ಬೇರೆಯವರು ಮಾಡಿದ ಅನುವಾದ ಸಿಕ್ಕಿದೆಯೋ?

14. ಸಾಧನಗಳು 15, ಧರಿಸುವವರು 60. ಅಂದರೆ ಪ್ರತಿ ಸುತ್ತಿಗೆ ನಾಲ್ಕು ತಂಡಗಳು. ಏಳು ರಾತ್ರಿ ಧರಿಸಿ, ವಾಪಸ್ ಪಡೆದು, ಡೇಟಾ ಇಳಿಸಿಕೊಂಡು, ಚಾರ್ಜ್ ಮಾಡಿ ಮುಂದಿನವರಿಗೆ ಕೊಡಲು ತಂಡಕ್ಕೆ ಹತ್ತು ದಿನ ಹಿಡಿಯಿರಿ: ಒಂದು ಸುತ್ತಿಗೆ 40 ದಿನ, ಎಲ್ಲವೂ ಸುಸೂತ್ರವಾಗಿ ನಡೆದರೆ. ನೀವು ಬರೆದಿರುವುದು "ಎರಡು ವಾರ". ಸಾಧನಗಳು ಬೇರೆ ವಿಭಾಗದಿಂದ ಎರವಲು ಬರುತ್ತವೆ ಎಂದಿದ್ದೀರಿ. ಮೂರೂ ಸುತ್ತಿಗೆ ಸಿಗುತ್ತವೆ ಎಂಬುದಕ್ಕೆ ಲಿಖಿತ ಪತ್ರವಿದೆಯೇ?

15. ಮುಕ್ಕಾಲು ಗಂಟೆಯ 40 ಸಂದರ್ಶನಗಳೆಂದರೆ 30 ಗಂಟೆಯ ಧ್ವನಿಮುದ್ರಣ. ಕೇಳಿ ಬರೆದುಕೊಳ್ಳಲು ಒಂದು ಗಂಟೆಗೆ ನಾಲ್ಕರಿಂದ ಆರು ಗಂಟೆ ಹಿಡಿದರೆ 120ರಿಂದ 180 ಗಂಟೆ, ಅದೂ ಕೋಡಿಂಗ್ ಶುರುವಾಗುವ ಮೊದಲು. ಇದಕ್ಕೆ ಕೊಟ್ಟಿರುವ ಒಂದು ತಿಂಗಳಲ್ಲೇ ಮೂರನೆಯ ಸುತ್ತೂ ನಡೆಯುತ್ತಿದೆ. ಎರಡನ್ನೂ ಮಾಡುವವರು ನೀವೊಬ್ಬರೇ. ಸಂದರ್ಶನಗಳಿಲ್ಲದಿದ್ದರೆ ಥೀಸಿಸ್‌ನ ಯಾವ ಅಧ್ಯಾಯ ನಿಲ್ಲುವುದಿಲ್ಲ? ಎಲ್ಲವೂ ನಿಲ್ಲುತ್ತವೆ ಎಂದಾದರೆ ಸಂದರ್ಶನಗಳನ್ನು ಬಿಡಿ.

16. ಎರಡನೆಯ ಸುತ್ತಿನ ನಂತರ ಎರಡು ಶಾಲೆಗಳು ಹಿಂದೆ ಸರಿದವು ಎಂದುಕೊಳ್ಳಿ. ಆಗ ಕೈಯಲ್ಲಿರುವುದರಿಂದ ಯಾವ ಪ್ರಶ್ನೆಗೆ ಉತ್ತರ ಬರೆಯಬಹುದು? ಯೋಜನೆ ಬದಲಿಸಲೇಬೇಕು ಎಂದು ನಿರ್ಧರಿಸುವ ಕೊನೆಯ ತಿಂಗಳು ಯಾವುದು? ಅದನ್ನು ವೇಳಾಪಟ್ಟಿಯಲ್ಲೇ ಗುರುತು ಮಾಡಿ. ಗೈಡ್ ಅವರೂ ಈ ಉತ್ತರಕ್ಕೆ ದನಿಗೂಡಿಸಬೇಕು, ಮುಂದೆ ಅವಧಿ ವಿಸ್ತರಣೆಯ ಅರ್ಜಿಗೆ ಸಹಿ ಹಾಕಬೇಕಾದವರು ಅವರೇ.

ಇನ್ನುಳಿದವು

17. ಪ್ರಶ್ನಾವಳಿ ಅನಾಮಧೇಯ ಎಂದು ಒಂದು ಪುಟದಲ್ಲಿದೆ. ಮೂರು ಸುತ್ತಿನ ಉತ್ತರಗಳನ್ನು ವಿದ್ಯಾರ್ಥಿವಾರು ಜೋಡಿಸಲಾಗುವುದು ಎಂದು ಇನ್ನೊಂದು ಪುಟದಲ್ಲಿದೆ. ಹೆಸರೇ ಇಲ್ಲದ ಹಾಳೆಗಳನ್ನು ಜೋಡಿಸುವುದು ಹೇಗೆ? ಕೋಡ್ ಸಂಖ್ಯೆ ಕೊಡುವುದಾದರೆ ಹೆಸರು ಮತ್ತು ಕೋಡ್ ಇರುವ ಪಟ್ಟಿ ಯಾರ ಬಳಿ ಇರುತ್ತದೆ, ಯಾವಾಗ ನಾಶವಾಗುತ್ತದೆ? ಸಮ್ಮತಿ ಪತ್ರದಿಂದ "ಅನಾಮಧೇಯ" ಎಂಬ ಪದ ತೆಗೆಯಿರಿ.

18. ವೆಚ್ಚದ ಪಟ್ಟಿ ಸರಿಯಾಗಿದೆ. ಕಳೆದುಹೋಗುವ, ಒಡೆಯುವ ಸಾಧನಗಳಿಗೆ ಮಾತ್ರ ಏನೂ ಇಟ್ಟಿಲ್ಲ.

19. ವಾರಗಟ್ಟಲೆ ಸರಿಯಾಗಿ ನಿದ್ದೆಯಿಲ್ಲ, ಬದುಕೇ ಬೇಡವೆನಿಸಿದೆ ಎಂದು ಒಂದು ಮಗು ಸಂದರ್ಶನದಲ್ಲಿ ಹೇಳಿದರೆ, ಅದೇ ದಿನ ನೀವು ಯಾರಿಗೆ ಫೋನ್ ಮಾಡುತ್ತೀರಿ? ಗೌಪ್ಯತೆಯ ಭರವಸೆ ಎಲ್ಲಿಗೆ ಮುಗಿಯುತ್ತದೆ ಎಂಬುದನ್ನು ಮಗುವಿಗೆ ಮೊದಲೇ ಹೇಳಿರುತ್ತೀರಾ? ಎಥಿಕ್ಸ್ ಕಮಿಟಿಯೂ ಇದನ್ನು ಕೇಳಿಯೇ ಕೇಳುತ್ತದೆ. ಅಲ್ಲಿ ಕೊಡುವ ಉತ್ತರದ ಪ್ರತಿಯನ್ನೇ ನಮಗೂ ಕೊಡಿ.

ಎಲ್ಲಕ್ಕೂ ಉತ್ತರಿಸಲು ಮಂಡನೆಯ ಸಮಯ ಸಾಲುವುದಿಲ್ಲ. 2, 6, 8, 12 ಮತ್ತು 16ಕ್ಕೆ ಬಾಯಿಮಾತಿನಲ್ಲಿ ಉತ್ತರಿಸಿ, ಉಳಿದವಕ್ಕೆ ಎರಡು ಪುಟ ಮೀರದಂತೆ ಬರೆದು ತನ್ನಿ. 4ನೆಯದಕ್ಕೆ "ಕೈಬಿಟ್ಟಿದ್ದೇನೆ" ಎಂದು ಒಂದು ಪದ ಬರೆದರೂ ಸಾಕು.